ಸೂತ್ರಪಟ್ಟಿಯಿಂದ ನಿರ್ಣಯನಕ್ಷೆಗೆ

ಸೂತ್ರಪಟ್ಟಿಯು ಲೆಕ್ಕದ ವಿಧಾನವನ್ನು ತಿಳಿಸುತ್ತದೆ; ಯಾವ ಪರೀಕ್ಷೆಯೆಂಬುದನ್ನು ತಿಳಿಸದು. ಆದುದರಿಂದ ಪಟ್ಟಿಯನ್ನು ಪ್ರಶ್ನೆಗಳ ನಕ್ಷೆಯಾಗಿ ಬರೆದುಕೊಳ್ಳುವುದು ಲೇಸು. ಅಂಕಿಗಳು ಅಳತೆಯವೋ, ಎಣಿಕೆಯವೋ? ಎಣಿಕೆಯವಾದರೆ ಸಾಮಾನ್ಯವಾಗಿ ಕೈ-ವರ್ಗ ಪರೀಕ್ಷೆ. ಅಳತೆಯವಾಗಿದ್ದು ಗುಂಪುಗಳು ಎರಡೇ ಆದರೆ, ಅವು ಜೋಡಿಯೋ, ಸ್ವತಂತ್ರವೋ? ಎಡವುವುದು ಇಲ್ಲಿಯೇ.

ಬಂದಳಿಕೆಯ ಮೆಕ್ಕೆಜೋಳದ ವರ್ತಕರೊಬ್ಬರ 9 ಚೀಲಗಳ ತೇವಾಂಶವನ್ನು ಅವರ ಮಾಪಕದಲ್ಲಿಯೂ ಖರೀದಿದಾರರ ಮಾಪಕದಲ್ಲಿಯೂ ನೋಡಲಾಯಿತೆಂದು ಭಾವಿಸೋಣ. ಖರೀದಿದಾರರದು ಸರಾಸರಿ 0.6 ಹೆಚ್ಚು ತೋರಿಸಿ, ಬೆಲೆ ಕಡಿತವಾಗುತ್ತದೆ. ಎರಡೂ ಮಾಪಕಗಳ ಅಂಕಿಗಳ ಮಾನಕ ವಿಚಲನೆ 1.8. ಸ್ವತಂತ್ರವೆಂದು ಲೆಕ್ಕಹಾಕಿದರೆ t = 0.71, ಶೇಕಡಾ 5ರ ಮಟ್ಟದ ಮಿತಿ 2.12. ವ್ಯತ್ಯಾಸ ಸಿದ್ಧವಾಗದು. ಆದರೆ ಅಳೆದದ್ದು ಅವೇ ಚೀಲಗಳನ್ನು. ಆದ್ದರಿಂದ ಇದು ಜೋಡಿ. ಚೀಲವಾರು ವ್ಯತ್ಯಾಸಗಳ ಮಾನಕ ವಿಚಲನೆ 0.6 ಆಗಿದ್ದರೆ t = 0.6 ÷ (0.6 ÷ √9) = 3; ಮಿತಿ 2.31. ಮಾಪಕಗಳು ಹೊಂದುತ್ತಿಲ್ಲ. ತಪ್ಪು ಯಾವುದರದೆಂಬುದನ್ನು ಮಾತ್ರ ಯಾವ ಸೂತ್ರವೂ ಹೇಳದು. ಅದಕ್ಕೆ ಕಾಳನ್ನು ಒಲೆಯಲ್ಲಿ ಒಣಗಿಸಿ ತೂಗುವ ಪ್ರಯೋಗಾಲಯದ ಪರೀಕ್ಷೆಯೇ ಬೇಕು.