ಐಡಿವಿ ನೋಡದೆ ಪ್ರೀಮಿಯಂ ಕಟ್ಟಬೇಡಿ

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ನುಗ್ಗಿದಾಗ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿದ್ದ ಕಾರು ಸ್ಟೀರಿಂಗ್ ಮಟ್ಟಕ್ಕೆ ಮುಳುಗಿತ್ತು. ನಾನು ಕೀ ಮುಟ್ಟಲಿಲ್ಲ. ನೀರು ಹೊಕ್ಕ ಎಂಜಿನ್ ಚಾಲೂ ಮಾಡಿ ಕೆಡಿಸಿಕೊಂಡರೆ ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಪರಿಹಾರ ಸಿಗುವುದಿಲ್ಲ ಎಂದು ಗೊತ್ತಿತ್ತು. ಟೋ ಮಾಡಿಸಿ ವರ್ಕ್‌ಶಾಪಿಗೆ ಕಳಿಸಿದೆ. ರಿಪೇರಿಯಾಗಿ ಬರುತ್ತದೆ ಎಂದೇ ನಂಬಿದ್ದೆ. ಬಾರದಂತೆ ಮಾಡಿದ್ದು ಪಾಲಿಸಿಯಲ್ಲಿದ್ದ ಒಂದು ಅಂಕಿ.

ಆ ಅಂಕಿ ಐಡಿವಿ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ನಾವು ಕೊಂಡ ಬೆಲೆಯಿಂದ ಅದನ್ನು ಲೆಕ್ಕ ಹಾಕುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ರಿನ್ಯೂವಲ್ ಹೊತ್ತಿಗೆ ಅದೇ ಮಾಡೆಲ್‌ಗೆ ತಯಾರಕರು ಪ್ರಕಟಿಸಿರುವ ಬೆಲೆ ಹಿಡಿದು, ಅದರಲ್ಲಿ ಸವಕಳಿ ಕಳೆಯುತ್ತಾರೆ. ಮೋಟಾರ್ ಟ್ಯಾರಿಫ್‌ನ ಪಟ್ಟಿಯಂತೆ ಆರು ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ 15, ಎರಡರವರೆಗೆ 20, ಆಮೇಲೆ ವರ್ಷಕ್ಕೆ ಹತ್ತು ಹತ್ತು ಏರಿ ಐದನೆಯ ವರ್ಷಕ್ಕೆ 50. ಐದು ದಾಟಿದ ಮೇಲೆ ಪಟ್ಟಿ ಇಲ್ಲ, ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿದ್ದೇ ಬೆಲೆ. ಓಡಿದ ಕಾರಿಗೆ ಹೊಸ ಕಾರಿನ ಹಣ ಕೊಟ್ಟರೆ ನಷ್ಟ ತುಂಬಿದಂತಾಗದೆ ಲಾಭ ಕೊಟ್ಟಂತಾಗುತ್ತದೆ, ಆದ್ದರಿಂದ ಐಡಿವಿ ವರ್ಷವರ್ಷ ಇಳಿಯಲೇಬೇಕು. ರಸ್ತೆ ತೆರಿಗೆ, ನೋಂದಣಿ ಶುಲ್ಕ ಮೊದಲ ದಿನದಿಂದಲೇ ಇದರ ಲೆಕ್ಕಕ್ಕೆ ಬರುವುದಿಲ್ಲ. ಝೀರೋ ಡೆಪ್ ತೆಗೆದುಕೊಂಡಿದ್ದೇವೆ, ನಮಗೆ ಐಡಿವಿ ಇಳಿಯುವುದಿಲ್ಲ ಎನ್ನುವವರೂ ಇದ್ದಾರೆ. ಅದು ಬಿಡಿಭಾಗಗಳ ಸವಕಳಿಗೆ ಸಂಬಂಧಿಸಿದ್ದು, ಐಡಿವಿಯನ್ನು ಮುಟ್ಟುವುದೇ ಇಲ್ಲ.

ನನ್ನ ಕಾರು ಮೂರು ವರ್ಷ ತುಂಬಿ ನಾಲ್ಕಕ್ಕೆ ಕಾಲಿಟ್ಟಿತ್ತು. ಮಾಡೆಲ್‌ನ ಆಗಿನ ಬೆಲೆ 8,50,000. ಶೇ. 40 ಕಳೆದರೆ 5,10,000. ಆದರೆ ಆ ಸಲ ಆನ್‌ಲೈನ್‌ನಲ್ಲಿ ರಿನ್ಯೂವಲ್ ಮಾಡಿದ್ದು ನಮ್ಮ ಭಾವ. ಐಡಿವಿಯನ್ನು ಒಂದಿಷ್ಟು ಮೇಲೆ ಕೆಳಗೆ ಮಾಡಲು ಕಂಪನಿಗಳು ಅವಕಾಶ ಕೊಡುತ್ತವೆ. ಅವರು ಅತಿ ಕಡಿಮೆಯದನ್ನೇ ಒತ್ತಿ 4,60,000ಕ್ಕೆ ಇಳಿಸಿದ್ದರು. ಉಳಿದದ್ದು ಸಾವಿರ ರೂಪಾಯಿಯ ಆಸುಪಾಸು. "ದುಡ್ಡು ಎಷ್ಟಾದರೂ ಆಗಲಿ ಭಾವ, ಪೂರ್ತಿ ಕವರ್ ಇರಲಿ" ಎಂದು ನಾನು ಹೇಳಿಯೇ ಇದ್ದೆ.

ವರ್ಕ್‌ಶಾಪಿನ ಆ ಮಧ್ಯಾಹ್ನ ಈಗಲೂ ಕಣ್ಣ ಮುಂದಿದೆ. ಸೀಟುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಕಾರ್ಪೆಟ್ಟಿನಿಂದ ಚರಂಡಿಯ ವಾಸನೆ. ವೈರಿಂಗ್ ಇಡೀ ಗೊಂಚಲಾಗಿ ನೆಲದ ಮೇಲೆ ಬಿದ್ದಿತ್ತು, ಕನೆಕ್ಟರ್‌ಗಳ ಬಾಯಲ್ಲೆಲ್ಲ ಕೆಸರು. ಎಸ್ಟಿಮೇಟ್ 3,70,000 ಎಂದರು. ಸರ್ವೇಯರ್ ಪಾಲಿಸಿ ತಿರುವಿ, ಮೊಬೈಲ್‌ನಲ್ಲಿ ಲೆಕ್ಕ ಹಾಕಿ, "ಮೇಡಂ, ಇದು ಟೋಟಲ್ ಲಾಸ್" ಎಂದರು.

"ರಿಪೇರಿ ಆಗುತ್ತೆ ಅಂತ ಇವರೇ ಹೇಳ್ತಿದ್ದಾರಲ್ಲ ಸರ್?"

"ಆಗುತ್ತೆ. ಆದರೆ ಖರ್ಚು ಐಡಿವಿಯ ಶೇ. 75 ದಾಟಿದರೆ ರಿಪೇರಿಗೆ ಕೊಡೋ ಹಾಗಿಲ್ಲ. ನಿಮ್ಮದರಲ್ಲಿ ಆ ಗಡಿ 3,45,000."

ನಿಂತಲ್ಲೇ ಇನ್ನೊಂದು ಲೆಕ್ಕ ಹಾಕಿದೆ. ಐಡಿವಿ 5,10,000 ಇದ್ದಿದ್ದರೆ ಗಡಿ 3,82,500 ಆಗುತ್ತಿತ್ತು. ಎಸ್ಟಿಮೇಟ್ ಅದರೊಳಗೇ ಬರುತ್ತಿತ್ತು, ಝೀರೋ ಡೆಪ್ ಇದ್ದುದರಿಂದ ಕೈಯಿಂದ ಹೆಚ್ಚು ಹಾಕದೆ ಕಾರು ಮನೆಗೆ ಬರುತ್ತಿತ್ತು. ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ಕಾರು ಅದು. ಸಾವಿರ ರೂಪಾಯಿ ಉಳಿಸಲು ಹೋಗಿ ಅದನ್ನು ಗುಜರಿಗೆ ಕಳಿಸಿದಂತಾಯಿತು. ಭಾವನವರು ಇಂದಿಗೂ "ಮಳೆಗೆ ನಾನೇನು ಮಾಡಲಿ" ಎನ್ನುತ್ತಾರೆ. ಮಳೆಯ ಬಗ್ಗೆ ನಾನು ಕೇಳಿಯೇ ಇಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಕ್ಲೇಮ್ ವಿಭಾಗದ ಅಧಿಕಾರಿಯೊಬ್ಬರು, "ಮಾರ್ಕೆಟ್‌ನಲ್ಲಿ ಈ ಗಾಡಿಗೆ 4,10,000ಕ್ಕಿಂತ ಹೆಚ್ಚು ಸಿಗಲ್ಲ, ಒಪ್ಪಿಕೊಂಡರೆ ಬೇಗ ಸೆಟಲ್ ಮಾಡ್ತೀವಿ" ಎಂದರು. ಇಂಥ ಕಡೆ ಜನ ಸೋತು ಸಹಿ ಹಾಕುತ್ತಾರೆ. ನಾನು ಪಾಲಿಸಿಯ ಷರತ್ತಿನ ಪುಟವನ್ನೇ ಮೇಜಿನ ಮೇಲಿಟ್ಟೆ. ಟೋಟಲ್ ಲಾಸ್ ಆದಾಗ ಪಾಲಿಸಿಯ ಅವಧಿಯುದ್ದಕ್ಕೂ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಎಂದು ಹಿಡಿಯಬೇಕು, ಮತ್ತೆ ಸವಕಳಿ ಕಳೆಯಬಾರದು ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಇಳಿಕೆ ಆಗುವುದು ರಿನ್ಯೂವಲ್ ದಿನ ಮಾತ್ರ. ಲಿಖಿತವಾಗಿ ಉತ್ತರ ಕೊಡಿ ಎಂದೆ. ಬಂದದ್ದು ಕಡ್ಡಾಯ ಕಡಿತದ 1,000 ಬಿಟ್ಟು 4,59,000.

ರಿನ್ಯೂವಲ್ ಮಾಡಿಕೊಡುವವರು ಏಜೆಂಟರಿರಲಿ, ನೆಂಟರಿರಲಿ, ಹಣ ಕಟ್ಟುವ ಮೊದಲು ಐಡಿವಿ ಇರುವ ಪುಟವನ್ನು ತರಿಸಿಕೊಳ್ಳಿ. ಶೋರೂಮಿನಲ್ಲಿ ನಿಮ್ಮ ಮಾಡೆಲ್‌ನ ಇಂದಿನ ಬೆಲೆ ಕೇಳಿ, ಸವಕಳಿ ಕಳೆದು, ತಾಳೆ ನೋಡಿ. ಕಡಿಮೆ ಕಂಡರೆ ಅಲ್ಲೇ ನಿಲ್ಲಿಸಿ.