ನಿನ್ನ ಶಿಫಾರಸು ಪತ್ರದಾಗ ಏನು ಬರೆದೀನಿ ಅಂದರ

ಕಲ್ಮಲ



ಹುಬ್ಬಳ್ಳಿಯ ಗೋದಾಮಿಗೆ ಕೊಡಲು ನೀನು ಕೇಳಿದ್ದ ಪತ್ರ ಇದರ ಜೊತೆಗಿದೆ. ನಮ್ಮ ಹತ್ತಿ ಮಿಲ್ಲಿನ ಆಫೀಸು ಕೊಟ್ಟ ಅನುಭವ ಪತ್ರ ಬೇರೆ, ಇದು ಬೇರೆ. ಅದರಲ್ಲಿ ಹುದ್ದೆ, ಸೇರಿದ ತಾರೀಖು, ಬಿಟ್ಟ ತಾರೀಖು ಇರುತ್ತವೆ, ಅಷ್ಟೇ. ನಿನ್ನ ಕೈಯಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ನಾನು ಬರೆಯಬೇಕು.

‘ಪ್ರಾಮಾಣಿಕಳು, ಶ್ರಮಜೀವಿ’ ಅಂತ ಬರೆದಿಲ್ಲ, ಬೇಸರ ಮಾಡಿಕೊಳ್ಳಬೇಡ. ಆ ಮಾತು ಎಲ್ಲರ ಪತ್ರದಲ್ಲೂ ಇರುತ್ತದೆ, ಓದುವವರ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಬದಲಿಗೆ ವೇಬ್ರಿಜ್‌ ಸಂಗತಿ ಬರೆದೆ. ತುಂಬಿದ ಗಾಡಿ ತೂಗುವಾಗ ಕ್ಲೀನರ್ ಒಳಗೇ ಕೂತು, ಖಾಲಿ ಗಾಡಿ ತೂಗುವಾಗ ಇಳಿದುಬಿಟ್ಟರೆ ಅವನ ತೂಕವೂ ಹತ್ತಿಯ ಲೆಕ್ಕಕ್ಕೆ ಸೇರುತ್ತದೆ. ಆಳು 60 ಕಿಲೋ ಇದ್ದು, ಕ್ವಿಂಟಲ್‌ಗೆ 7,000 ರೂಪಾಯಿ ದರವಿದ್ದರೆ ಒಂದು ಗಾಡಿಗೆ 4,200 ರೂಪಾಯಿ ಲುಕ್ಸಾನು. ಯಾರೂ ಹೇಳದೆಯೇ ನೀನು ಎರಡು ಸಲವೂ ಎಲ್ಲರನ್ನೂ ಇಳಿಸಿ, ಪ್ಲಾಟ್‌ಫಾರ್ಮ್ ಸುತ್ತ ಒಂದು ಸುತ್ತು ಹಾಕಿ ಆಮೇಲೆ ಚೀಟಿ ಹರಿಯುತ್ತಿದ್ದೆ. ಗೋದಾಮಿನವರಿಗೂ ದಿನಾ ಬೇಕಾಗುವುದು ಇದೇ ಕಣ್ಣು.

ಎರಡನೆಯದು ತೇವಾಂಶದ್ದು. ಹತ್ತಿ ನಿಗಮ ಶೇಕಡಾ 8ರಿಂದ 12ರ ತನಕ ತೇವ ಇದ್ದರೆ ಕೊಳ್ಳುತ್ತದೆ, ಅದರ ಮೇಲಿದ್ದರೆ ಇಲ್ಲ. ಹಸಿ ಹತ್ತಿ ಜಿನ್ನಿಂಗ್ ಯಂತ್ರಕ್ಕೆ ಬಿದ್ದರೆ ಅರಳೆ ಗಂಟಾಗುತ್ತದೆ, ಬೇಲು ಕಟ್ಟಿಟ್ಟರೆ ಬಣ್ಣ ಕೆಡುತ್ತದೆ. ಹೋದ ಸೀಸನ್‌ನಲ್ಲಿ ಮಾನ್ವಿ ಕಡೆಯ ಟ್ರ್ಯಾಕ್ಟರ್ ಒಂದರಲ್ಲಿ ಮೇಲಿನ ಹತ್ತಿ 9 ತೋರಿಸಿತು. ನೀನು ಅಷ್ಟಕ್ಕೆ ಬಿಡದೆ ನಡುವೆ, ತಳದಲ್ಲಿ ಕೈಹಾಕಿ ತೆಗೆದೆ. 14 ಬಂತು. ರೈತ ರೇಗಿದಾಗ ಮೀಟರನ್ನು ಅವನ ಕೈಗೇ ಕೊಟ್ಟು, ‘ನೀವೇ ನೋಡ್ರಿ ಅಣ್ಣಾ, ಅಂಗಳದಾಗ ಹರವ್ರಿ, ಒಣಗಿದ ಮ್ಯಾಲ ತೂಗೋಣ’ ಅಂದೆ. ದರ ಕಡಿಮೆ ಮಾಡುವ ಮಾತೇ ಎತ್ತಲಿಲ್ಲ. ಬೇರೆಯವರಾಗಿದ್ದರೆ ಅಂದಾಜಿಗೆ ಕಡಿತ ಹಾಕಿ ಕೈತೊಳೆದುಕೊಳ್ಳುತ್ತಿದ್ದರು, ಗಂಜ್‌ನಲ್ಲಿ ಅದು ನಡೆಯುವುದೇ. ಈ ಪ್ರಸಂಗವನ್ನು ಹೀಗೇ, ಅಂಕಿ ಸಮೇತ ಬರೆದಿದ್ದೇನೆ.

ಒಂದು ಕೊರತೆಯನ್ನೂ ಸೇರಿಸಿದ್ದೇನೆ. ಕಂಪ್ಯೂಟರಿನಲ್ಲಿ ತಿಂಗಳ ಸ್ಟಾಕ್ ಪಟ್ಟಿ ಮಾಡಲು ನಿನಗಿನ್ನೂ ಒಬ್ಬರು ಜೊತೆಗೆ ಬೇಕು, ರಿಜಿಸ್ಟರ್ ಮಾತ್ರ ಚೊಕ್ಕ. ಬರೀ ಹೊಗಳಿಕೆ ಇದ್ದರೆ ಪತ್ರ ನಂಬುವುದು ಕಷ್ಟ. ಅಲ್ಲದೆ ಮೊದಲ ತಿಂಗಳೇ ಅವರಿಗೆ ಗೊತ್ತಾಗುವುದನ್ನು ಮುಚ್ಚಿಟ್ಟು ಏನು ಮಾಡಲಿ? ನಿನ್ನ ಮದುವೆ, ಮನೆ, ಸಂಬಳದ ವಿಷಯ ಎತ್ತಿಲ್ಲ. ಅವು ಅವರಿಗೆ ಬೇಕಿಲ್ಲ.

ಲೆಟರ್‌ಹೆಡ್ ಮೇಲಿದೆ, ಸಹಿ, ಸೀಲು, ನನ್ನ ನಂಬರು ಹಾಕಿದ್ದೇನೆ. ಫೋನ್ ಮಾಡುವುದಾದರೆ ಸಂಜೆ ಆರರ ಮೇಲೆ ಮಾಡಲು ಹೇಳವ್ವಾ, ಹಗಲಿನಲ್ಲಿ ಮಿಲ್ಲಿನ ಸದ್ದಿಗೆ ಏನೂ ಕೇಳಿಸುವುದಿಲ್ಲ.

ನಿನ್ನ ಕಾಕಾ