ಶಾಲೆಗೆ ಸೇರಬೇಕು, ಜನನ ಪತ್ರ ಇಲ್ಲ: ಅರ್ಜಿ ಬರೆಯೋಣ

ಶಾಲೆಗೆ ಮಗುವನ್ನು ಸೇರಿಸಲು ಹೋದರೆ ಮೊದಲು ಕೇಳುವ ಕಾಗದ ಯಾವುದು? ಜನನ ಪ್ರಮಾಣ ಪತ್ರ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಸ್ಪತ್ರೆಯವರೇ ಜನನದ ವರದಿ ಕೊಡಬೇಕು. ಮನೆಯಲ್ಲಿ ಹೆರಿಗೆಯಾದರೆ ಮನೆಯ ಹಿರಿಯರು ಕೊಡಬೇಕು. 21 ದಿನದ ಒಳಗೆ ಕೊಟ್ಟರೆ ತಡ ಅಲ್ಲ, ದಂಡವೂ ಇಲ್ಲ. ಆದರೆ ಕೊಡದೆ ವರ್ಷಗಳೇ ಕಳೆದಿದ್ದರೆ? ಆಗಲೂ ದಾರಿ ಇದೆ. ಆ ದಾರಿ ಒಂದು ಅರ್ಜಿಯಿಂದ ಶುರುವಾಗುತ್ತದೆ.

ನಮ್ಮ ಸಂಜೆಯ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿಯ ವಿಷಯ ಹೇಳುತ್ತೇವೆ. ಇವರು ಯಾದಗಿರಿ ಕಡೆಯವರು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದವರು. 2020ರಲ್ಲಿ ಜೆ.ಪಿ. ನಗರ 7ನೇ ಹಂತದಲ್ಲಿ ಕೆಲಸದ ಜಾಗದ ಶೆಡ್ಡಿನಲ್ಲೇ ಇದ್ದರು. ಆ ವರ್ಷ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತಲ್ಲ, ಆಗ ಇವರಿಗೆ ದಿನ ತುಂಬಿತ್ತು. ಊರಿಗೆ ಹೋಗಲು ಬಸ್ಸಿಲ್ಲ. ನಡುರಾತ್ರಿ ನೋವು ಬಂದಾಗ ಆಟೋ ಸಿಗಲಿಲ್ಲ. ಪಕ್ಕದ ಶೆಡ್ಡಿನ ಅಜ್ಜಿಯೇ ಹೆರಿಗೆ ಮಾಡಿಸಿದರು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಬರೆಸುವ ವಿಚಾರ ಮಾತ್ರ ಯಾರಿಗೂ ನೆನಪಾಗಲಿಲ್ಲ.

ಈಗ ಆ ಮಗುವಿಗೆ ಶಾಲೆಗೆ ಹೋಗುವ ವಯಸ್ಸು. ಯಾರೋ ಒಬ್ಬ ಮಧ್ಯವರ್ತಿ ಬಂದು, "ಕೋರ್ಟಿಗೆ ಹೋಗಬೇಕು, ವಕೀಲರನ್ನು ಹಿಡಿಯಬೇಕು, ಖರ್ಚಿದೆ" ಅಂತ ಹೆದರಿಸಿದ. ಅವನ ಮಾತು ಹಳೆಯದು. ಒಂದು ವರ್ಷ ದಾಟಿದ ಜನನಕ್ಕೆ ಮೊದಲು ಕೋರ್ಟಿನ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು, ನಿಜ. ಆದರೆ 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಯಿತು. 2023ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಈಗ ಆದೇಶ ಕೊಡುವವರು ಜಿಲ್ಲಾಧಿಕಾರಿ, ಇಲ್ಲವೇ ಉಪವಿಭಾಗಾಧಿಕಾರಿ, ಇಲ್ಲವೇ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಂದಾಯ ಅಧಿಕಾರಿ. ಉಪವಿಭಾಗಾಧಿಕಾರಿಯನ್ನೇ ನಮ್ಮ ಜನ ಎ.ಸಿ. ಸಾಹೇಬರು ಅನ್ನುತ್ತಾರೆ.

ಆದರೂ ಮೊದಲ ಅರ್ಜಿ ಎ.ಸಿ. ಸಾಹೇಬರಿಗಲ್ಲ. ಅದು ಜನನ ಮರಣ ನೋಂದಣಾಧಿಕಾರಿಗೆ, ಅಂದರೆ ರಿಜಿಸ್ಟ್ರಾರರಿಗೆ. ಯಾಕೆ? ನಿಮ್ಮ ಮಗುವಿನ ಹೆಸರು ಪುಸ್ತಕದಲ್ಲಿ ಇಲ್ಲ ಅಂತ ನೀವು ಹೇಳಿದರೆ ಸಾಲದು, ಪುಸ್ತಕ ಇಟ್ಟವರೇ ಹುಡುಕಿ ಹೇಳಬೇಕು. ಹುಡುಕಿ ಇಲ್ಲವಾದರೆ "ದಾಖಲೆ ಇಲ್ಲ" ಎಂದು ಬರೆದು ಕೊಡುತ್ತಾರೆ. ಇದಕ್ಕೆ ಅಲಭ್ಯತಾ ಪ್ರಮಾಣ ಪತ್ರ ಎಂದು ಹೆಸರು. ಈ ಕಾಗದ ಕೈಗೆ ಬಂದ ಮೇಲೇ ಮುಂದಿನ ಕೆಲಸ. ಹುಡುಕಿದಾಗ ಕೆಲವರ ಅದೃಷ್ಟಕ್ಕೆ ದಾಖಲೆ ಸಿಗುವುದೂ ಉಂಟು. ಆಸ್ಪತ್ರೆಯವರು ಬರೆಸಿರುತ್ತಾರೆ, ಮಗುವಿಗೆ ಹೆಸರಿಟ್ಟಿರದ ಕಾರಣ ಹೆಸರಿನ ಜಾಗ ಖಾಲಿ ಇರುತ್ತದೆ. ಅಂಥವರು ಹೆಸರು ಸೇರಿಸಲು ಕೇಳಿದರೆ ಸಾಕು. ಹೊಸದಾಗಿ ನೋಂದಣಿ ಬೇಡ. ಅದಕ್ಕೇ ಹುಡುಕಿಸುವಾಗ ತಾಯಿಯ ಹೆಸರು, ಹುಟ್ಟಿದ ದಿನ ಎರಡನ್ನೂ ಕೊಟ್ಟು ಹುಡುಕಿಸಿ.

ಯಾವ ಊರಿನ ರಿಜಿಸ್ಟ್ರಾರರು? ಇಲ್ಲಿ ಬಹಳ ಜನ ಅಲೆಯುತ್ತಾರೆ. ಈಗ ನೀವು ಇರುವ ಊರಿನವರಲ್ಲ. ಗಂಡನ ಊರಿನವರೂ ಅಲ್ಲ. ಮಗು ಎಲ್ಲಿ ಹುಟ್ಟಿತೋ ಆ ಜಾಗದವರು. ತವರಿನಲ್ಲಿ ಹೆರಿಗೆಯಾಗಿದ್ದರೆ ತವರೂರಿಗೇ ಹೋಗಬೇಕು. ಈ ತಾಯಿಯ ಗಂಡ ಯಾದಗಿರಿಗೆ ಹೋಗಿ ಬರೆಸೋಣ ಅಂದಿದ್ದರು. ಹೋಗಿದ್ದರೆ ಬಸ್ಸಿನ ದುಡ್ಡು ದಂಡ. ಮಗು ಹುಟ್ಟಿದ್ದು ಜೆ.ಪಿ. ನಗರದಲ್ಲಿ. ಅರ್ಜಿಯೂ ಇಲ್ಲಿಯೇ.

ಇಲ್ಲಿ ಇನ್ನೊಂದು ಗೊಂದಲ ಇದೆ. ಬೆಂಗಳೂರಿನ ಒಂದೇ ಪಾಲಿಕೆ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆಯಿತು. ಅವುಗಳಲ್ಲಿ ಒಂದರ ಹೆಸರು ಬೆಂಗಳೂರು ದಕ್ಷಿಣ. ಜೆ.ಪಿ. ನಗರ ಇರುವ ತಾಲ್ಲೂಕಿನ ಹೆಸರೂ ಬೆಂಗಳೂರು ದಕ್ಷಿಣ. ಆದರೆ ಬೆಂಗಳೂರು ದಕ್ಷಿಣ ಜಿಲ್ಲೆ ಅಂದರೆ ಬೇರೆ. ಅದು ರಾಮನಗರ ಜಿಲ್ಲೆಗೆ 2025ರಲ್ಲಿ ಇಟ್ಟ ಹೊಸ ಹೆಸರು. ಆದ್ದರಿಂದ ಅರ್ಜಿಯಲ್ಲಿ ಹೀಗೆ ಬರೆಯಿರಿ: ಬೆಂಗಳೂರು ದಕ್ಷಿಣ ತಾಲ್ಲೂಕು, ಬೆಂಗಳೂರು ನಗರ ಜಿಲ್ಲೆ. ಬರೀ "ಬೆಂಗಳೂರು ದಕ್ಷಿಣ" ಅಂತ ಬಿಟ್ಟರೆ ಓದಿದವರಿಗೆ ಯಾವುದು ಅಂತ ತಿಳಿಯುವುದಿಲ್ಲ.

ಇನ್ನು ಹುಟ್ಟಿದ ದಿನ. ಇದೇ ಅರ್ಜಿಯ ಜೀವ.

"ಯಾವತ್ತು ಹುಟ್ಟಿತು ಅಕ್ಕಾ?" ಅಂತ ಕೇಳಿದೆವು.

"ಮಂಗಳವಾರ ರಾತ್ರಿರೀ ಟೀಚರ್. ದವನದ ಹುಣ್ಣಿಮಿ ಇತ್ತು. ಎರಡು ಗಂಟೆ ಆಗಿತ್ತು."

ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆವು. 2020ರ ದವನದ ಹುಣ್ಣಿಮೆಯ ಹೊತ್ತಿಗೆ ಬಂದ ಮಂಗಳವಾರ ಏಪ್ರಿಲ್ 7. ಹಾಗಾದರೆ ಹುಟ್ಟಿದ ದಿನ 7-4-2020 ಎಂದು ಬರೆಯಬೇಕೇ? ಇಲ್ಲ. ನಮ್ಮ ಹಿರಿಯರಿಗೆ ಸೂರ್ಯ ಹುಟ್ಟಿದರೆ ಹೊಸ ದಿನ. ಕಚೇರಿಗೆ ರಾತ್ರಿ 12 ಗಂಟೆಗೇ ಹೊಸ ದಿನ. ಮಂಗಳವಾರ ಮಲಗಿ ರಾತ್ರಿ ಎರಡಕ್ಕೆ ಹೆತ್ತರೆ ಕಚೇರಿಯ ಲೆಕ್ಕದಲ್ಲಿ ಅದು ಬುಧವಾರ. ಬರೆಯಬೇಕಾದ್ದು 8-4-2020.

ತಾಯಿ ಕಾರ್ಡಿನಲ್ಲಿ ಮಾತ್ರ ಬೇರೆ ದಿನ ಇತ್ತು, 15-4-2020. ಅದನ್ನು ಕಂಡು ಗಂಡ ಗಾಬರಿಯಾದರು. ಗಾಬರಿ ಬೇಡ. ಅದು ಹೆರಿಗೆ ಆಗಬಹುದು ಎಂದು ಬಸುರಿಯಾಗಿದ್ದಾಗಲೇ ನರ್ಸಮ್ಮ ಲೆಕ್ಕ ಹಾಕಿ ಬರೆದ ದಿನ. ಹೆರಿಗೆ ಆದ ದಿನವಲ್ಲ. ಕಾರ್ಡಿನಲ್ಲಿ ಆ ಎರಡಕ್ಕೂ ಬೇರೆ ಬೇರೆ ಜಾಗ ಇರುತ್ತದೆ. ತಲೆಬರಹ ಓದಿ ನೋಡಿ. ಅಂಗನವಾಡಿ ಪುಸ್ತಕದಲ್ಲಿ ಮಗುವಿನ ಹುಟ್ಟಿದ ದಿನ 8-4-2020 ಎಂದೇ ಇತ್ತು. ಅದು ಇವರಿಗೆ ಗಟ್ಟಿ ಆಧಾರ ಆಯಿತು. ವಾರ ಹೆಚ್ಚು ಕಡಿಮೆ ಇದ್ದರೂ ತಾಯಿ ಕಾರ್ಡ್ ಬಿಸಾಡಬಾರದು. ಈ ತಾಯಿ ಆ ಹೊತ್ತಿಗೆ ಬಸುರಿಯಾಗಿದ್ದರು, ಇದೇ ಊರಿನಲ್ಲಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ಶಾಲೆಗೆ ವಯಸ್ಸು ಸಾಲದು ಅಂತ ಎರಡು ತಿಂಗಳು ಹಿಂದೆ ಮುಂದೆ ಮಾಡಿ ಬರೆಸುವವರಿದ್ದಾರೆ. ಚುಚ್ಚುಮದ್ದಿನ ಕಾರ್ಡು, ಅಂಗನವಾಡಿ ಪುಸ್ತಕ, ಅರ್ಜಿ ಮೂರೂ ಮೂರು ದಿನ ಹೇಳಿದರೆ ವಿಚಾರಣೆಯಲ್ಲಿ ಸಿಕ್ಕಿ ಬೀಳುತ್ತದೆ. ಸುಳ್ಳು ಮಾಹಿತಿ ಕೊಟ್ಟವರಿಗೆ ಕಾಯ್ದೆಯಲ್ಲಿ ದಂಡವೂ ಇದೆ.

ಈಗ ಆ ತಾಯಿ ಬರೆದ ಅರ್ಜಿ ಓದಿ. ಚುಕ್ಕಿ ಇರುವಲ್ಲಿ ನಿಮ್ಮ ವಿವರ ಹಾಕಿಕೊಳ್ಳಿ.

ಇವರಿಗೆ,
ಜನನ ಮರಣ ನೋಂದಣಾಧಿಕಾರಿಗಳು,
ಜೆ.ಪಿ. ನಗರ, ಬೆಂಗಳೂರು.

ಇಂದ,
................. (ತಾಯಿಯ ಹೆಸರು, ಈಗಿನ ವಿಳಾಸ)

ಮಾನ್ಯರೆ,

ವಿಷಯ: ನನ್ನ ಮಗಳ ಜನನ ದಾಖಲೆ ಹುಡುಕಿ ಕೊಡುವ ಬಗ್ಗೆ ಹಾಗೂ ತಡವಾದ ಜನನ ನೋಂದಣಿ ಬಗ್ಗೆ.

ನನ್ನ ಮಗಳು ................. ದಿನಾಂಕ 8-4-2020ರ ಬುಧವಾರ ಬೆಳಗಿನ ಜಾವ 2 ಗಂಟೆಗೆ ಜೆ.ಪಿ. ನಗರ 7ನೇ ಹಂತ, ............ ರಸ್ತೆಯಲ್ಲಿದ್ದ ಕಟ್ಟಡ ಕೆಲಸದ ಶೆಡ್ಡಿನಲ್ಲಿ ಹುಟ್ಟಿರುತ್ತಾಳೆ. ಹೆರಿಗೆಯನ್ನು ಪಕ್ಕದ ಮನೆಯ ................. ಮಾಡಿಸಿರುತ್ತಾರೆ. ಆಗ ಲಾಕ್‌ಡೌನ್ ಇದ್ದ ಕಾರಣ ಆಸ್ಪತ್ರೆಗೆ ಹೋಗಲು ಆಗಲಿಲ್ಲ. ಮನೆ ಹೆರಿಗೆಯನ್ನು ನಾವೇ ಬರೆಸಬೇಕು ಎಂದು ತಿಳಿಯದೆ ನೋಂದಣಿ ತಡವಾಗಿದೆ. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಪ್ರಮಾಣ ಪತ್ರ ಬೇಕಾಗಿದೆ.

ದಯವಿಟ್ಟು 2020ನೇ ಸಾಲಿನ ಪುಸ್ತಕದಲ್ಲಿ ಹುಡುಕಿಸಿ, ದಾಖಲೆ ಇಲ್ಲದಿದ್ದರೆ ಅಲಭ್ಯತಾ ಪ್ರಮಾಣ ಪತ್ರ ಕೊಡಬೇಕೆಂದು ಹಾಗೂ ಕಾಯ್ದೆಯ 13ನೇ ಕಲಂ ಪ್ರಕಾರ ತಡವಾದ ನೋಂದಣಿಗೆ ಮುಂದೆ ಯಾವ ಅಧಿಕಾರಿಯಿಂದ ಆದೇಶ ತರಬೇಕು ಎಂದು ತಿಳಿಸಬೇಕೆಂದು ಕೋರುತ್ತೇನೆ.

ಜೊತೆಗೆ ಇಟ್ಟಿರುವ ನಕಲುಗಳು: ತಾಯಿ ಕಾರ್ಡ್, ಚುಚ್ಚುಮದ್ದಿನ ಕಾರ್ಡ್, ಅಂಗನವಾಡಿ ಪತ್ರ, ತಂದೆ ತಾಯಿಯ ಆಧಾರ್.

ದಿನಾಂಕ: .............
ಸಹಿ: .............

ಅರ್ಜಿಯಲ್ಲಿ ಎರಡು ಮಾತು ಗಮನಿಸಿ. ಒಂದು, ಶೆಡ್ಡು ಈಗ ಇಲ್ಲ, ಅಲ್ಲಿ ದೊಡ್ಡ ಕಟ್ಟಡ ಎದ್ದಿದೆ. ಆದರೂ ಹುಟ್ಟಿದ ಜಾಗ ಅದೇ, ಈಗಿನ ಬಾಡಿಗೆ ಮನೆ ಅಲ್ಲ. ಇನ್ನೊಂದು, ತಡಕ್ಕೆ ಕಾರಣ. "ಅನಿವಾರ್ಯ ಕಾರಣದಿಂದ" ಎಂದು ಬರೆದರೆ ಅಧಿಕಾರಿಗೆ ಏನೂ ತಿಳಿಯದು. ಆದದ್ದನ್ನು ಆದ ಹಾಗೆ ಎರಡು ಸಾಲಿನಲ್ಲಿ ಬರೆಯಿರಿ. ತಂದೆ ತಾಯಿಯ ಹೆಸರು ಆಧಾರ್‌ನಲ್ಲಿ ಇದ್ದ ಹಾಗೆಯೇ ಇರಲಿ.

ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಇಟ್ಟುಕೊಳ್ಳಿ. "ನಾಳೆ ಬಾ" ಅಂದರೂ ಸೀಲು ಹಾಕಿಸದೆ ಬರಬೇಡಿ. ಹುಡುಕುವುದಕ್ಕೆ ಸಣ್ಣ ಶುಲ್ಕ ಇರುತ್ತದೆ. ದುಡ್ಡು ಕೊಟ್ಟರೆ ರಸೀದಿ ಕೇಳಿ.

ಅಲಭ್ಯತಾ ಪತ್ರ ಬಂದ ಮೇಲೆ ಇದೇ ವಿವರದ ಅರ್ಜಿ ಎ.ಸಿ. ಸಾಹೇಬರಿಗೆ, ಇಲ್ಲವೇ ರಿಜಿಸ್ಟ್ರಾರ್ ಕಚೇರಿಯವರು ಹೇಳಿದ ಅಧಿಕಾರಿಗೆ ಹೋಗುತ್ತದೆ. ಅವರು ವಿಚಾರಣೆ ಮಾಡುತ್ತಾರೆ. ನಿಮ್ಮ ಹೇಳಿಕೆ ಕೇಳಬಹುದು, ಹೆರಿಗೆ ಮಾಡಿಸಿದವರ ಹೇಳಿಕೆಯನ್ನೂ ಕೇಳಬಹುದು. ಈ ತಾಯಿಗೆ ಆ ಅಜ್ಜಿಯನ್ನು ಹುಡುಕುವುದೇ ದೊಡ್ಡ ಕೆಲಸ ಆಯಿತು. ಕಟ್ಟಡ ಮುಗಿದ ಮೇಲೆ ಅವರೆಲ್ಲ ಬೇರೆ ಕಡೆ ಹೋಗಿದ್ದರು. ಕೊನೆಗೆ ಮೇಸ್ತ್ರಿಯ ಕಡೆಯಿಂದ ಫೋನ್ ನಂಬರು ಸಿಕ್ಕಿತು. ಜನನ ನಿಜ ಎಂದು ಅಧಿಕಾರಿಗೆ ಕಂಡರೆ ನೋಂದಣಿ ಮಾಡಲು ಆದೇಶ ಕೊಡುತ್ತಾರೆ. ಆ ಆದೇಶ ತಂದು ರಿಜಿಸ್ಟ್ರಾರರಿಗೆ ಕೊಟ್ಟು, ತಡದ ಶುಲ್ಕ ಕಟ್ಟಿದರೆ ಹೆಸರು ಪುಸ್ತಕಕ್ಕೆ ಏರುತ್ತದೆ.

ಇದಕ್ಕೆಲ್ಲ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಮಗು ಮನೆಯಲ್ಲಿ ಕೂರಬೇಕೇ? ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂನಲ್ಲಿ, ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಯಾವ ಮಗುವಿಗೂ ಶಾಲೆಗೆ ಪ್ರವೇಶ ನಿರಾಕರಿಸಬಾರದು ಎಂದಿದೆ. ಅಂಗನವಾಡಿ ದಾಖಲೆ ತೋರಿಸಿ, ತಂದೆ ತಾಯಿ ವಯಸ್ಸು ಬರೆದು ಸಹಿ ಮಾಡಿ ಕೊಡಬಹುದು. ಜೊತೆಗೆ ಸೀಲು ಬಿದ್ದ ಆ ಅರ್ಜಿಯ ಪ್ರತಿ ಇಟ್ಟರೆ, ನೀವು ಕೆಲಸ ಶುರು ಮಾಡಿದ್ದೀರಿ ಎಂದು ಹೆಡ್‌ಮೇಷ್ಟ್ರಿಗೂ ತಿಳಿಯುತ್ತದೆ. ಈ ಮಗು ಹಾಗೆಯೇ ಶಾಲೆಗೆ ಸೇರಿತು. ಚಿಕ್ಕ ಮಕ್ಕಳಿರುವವರು ಒಂದು ತಿಳಿದಿರಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ, ಹುಟ್ಟಿದ ದಿನ ತೋರಿಸಲು ಹೊಸ ತಿದ್ದುಪಡಿ ಜನನ ಪ್ರಮಾಣ ಪತ್ರ ಒಂದನ್ನೇ ಒಪ್ಪುತ್ತದೆ. ಅವರ ನೋಂದಣಿ ಆಗಿದೆಯೇ ಎಂದು ಈಗಲೇ ವಿಚಾರಿಸಿ.

ಪ್ರಮಾಣ ಪತ್ರ ಕೈಗೆ ಬಂದಾಗ ಕಚೇರಿಯಲ್ಲೇ ನಿಂತು ಓದಿ. ಅದರಲ್ಲಿ ಎರಡು ದಿನಾಂಕ ಇರುತ್ತದೆ, ಒಂದು ಹುಟ್ಟಿದ ದಿನ, ಇನ್ನೊಂದು ನೋಂದಣಿ ಆದ ದಿನ. ಎರಡರ ನಡುವೆ ಆರು ವರ್ಷ ಇದ್ದರೂ ಅದು ತಪ್ಪಲ್ಲ. ಹೆಸರಿನ ಒತ್ತಕ್ಷರ, ದೀರ್ಘ ಸರಿಯಾಗಿದೆಯೇ ಎಂದು ಬೆರಳಿಟ್ಟು ನೋಡಿ.

ಬರೆಯಿರಿ:

ಒಂದು ಮಗು ಶನಿವಾರ ರಾತ್ರಿ 1 ಗಂಟೆಗೆ ಹುಟ್ಟಿತು ಎಂದು ಅಜ್ಜಿ ಹೇಳಿದರು. ಆ ಶನಿವಾರ 6ನೇ ತಾರೀಖು. ಅರ್ಜಿಯಲ್ಲಿ ಯಾವ ವಾರ, ಯಾವ ತಾರೀಖು ಬರೆಯುವಿರಿ?

ವಾರ: .............  ತಾರೀಖು: .............